ಸಿಲೂಯೆಟ್: ವಿಲನ್‌ನ ಗುರುತು ಇರುವುದು ಅಂಚಿನಲ್ಲಿ

ಹಿಂದಿನಿಂದ ಲೈಟ್ ಬಿಟ್ಟು, ಮುಖ ಕಾಣದ ಹಾಗೆ ಮಾಡಿದ ಪ್ರತಿ ಪೋಸ್ಟರಿಗೂ ‘ಸಖತ್ ಸಿಲೂಯೆಟ್’ ಅನ್ನುವುದು ಈಗ ಜಾಸ್ತಿಯಾಗಿದೆ. ವಿಲನ್ ಕತ್ತಲಲ್ಲಿ ನಿಂತರೆ ಅದು ಲೈಟಿಂಗ್, ಅಷ್ಟೇ. ಕ್ಯಾರೆಕ್ಟರ್ ಡಿಸೈನ್ ಮಾಡುವವರು ಸಿಲೂಯೆಟ್ ಅನ್ನುವುದು ಆಕೃತಿಯ ಹೊರ ಅಂಚಿಗೆ. ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತ ಪಾತ್ರಕ್ಕೂ ಅದು ಇರುತ್ತದೆ.

1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾಗಿದ್ದ ಎತಿಯೆನ್ ದ ಸಿಲೂಯೆಟ್ ಕೈಬಿಗಿತಕ್ಕೆ ಹೆಸರಾಗಿದ್ದ. ಕಪ್ಪು ಕಾಗದದಲ್ಲಿ ಮುಖದ ಪಕ್ಕನೋಟ ಕತ್ತರಿಸಿ ಮಾಡುತ್ತಿದ್ದ ಅಗ್ಗದ ಚಿತ್ರಗಳಿಗೆ ಅವನ ಹೆಸರೇ ಅಂಟಿಕೊಂಡಿತು. ಆ ಕಾಗದದಲ್ಲಿ ಕಣ್ಣಿಲ್ಲ, ಬಣ್ಣವಿಲ್ಲ. ಯಾರ ಮುಖ ಅಂತ ಗೊತ್ತಾಗುವುದು ಕತ್ತರಿ ಓಡಿದ ಅಂಚಿನಿಂದ ಮಾತ್ರ.

ಡಿಸ್ನಿಯ ಆನಿಮೇಷನ್ ಸಿನಿಮಾ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ (1959) ಆನಿಮೇಟರ್ ಮಾರ್ಕ್ ಡೇವಿಸ್ ರೂಪಿಸಿದ ದುಷ್ಟ ಯಕ್ಷಿಣಿ ಮಲೆಫಿಸೆಂಟ್‌ಳನ್ನೇ ನೋಡಿ. ಅವಳಿಗೆ ಪೂರ್ತಿ ಕಪ್ಪು ತುಂಬಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ. ಎರಡು ಕೊಂಬು, ಬಾವಲಿ ರೆಕ್ಕೆಯಂಥ ಕಾಲರ್, ನೆಲದವರೆಗೆ ಇಳಿದು ಹರಡುವ ನಿಲುವಂಗಿ ಆಗಲೂ ಉಳಿಯುತ್ತವೆ. ಕೋಲು ಹಿಡಿದ ಕೈ ಮೈಯಿಂದ ದೂರ ಚಾಚಿದ್ದರೆ ಅದೂ ಕಾಣುತ್ತದೆ. ಅದೇ ಕೈಯನ್ನು ಎದೆಯ ಮುಂದೆ ತಂದರೆ ಕಪ್ಪಿನೊಳಗೆ ಮಾಯ. ಹೊಸಬರ ಡ್ರಾಯಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಬೆಲ್ಟು, ಗಾಯದ ಗುರುತು, ಬುರುಡೆಯ ಬಕಲ್ ಎಲ್ಲವನ್ನೂ ಒಳಗೆ ತುರುಕುತ್ತಾರೆ, ಅಂಚು ಮಾತ್ರ ಯಾರದೋ ಒಬ್ಬರದಾಗಿ ಉಳಿಯುತ್ತದೆ.

ಇನ್ನು ‘ತ್ರಿಕೋನ ಅಂದರೆ ವಿಲನ್’ ಅನ್ನುವ ಮಾತು. ಅರ್ಧ ಮಾತ್ರ ನಿಜ. ಮಲೆಫಿಸೆಂಟ್‌ಳ ಚೂಪೆಲ್ಲ ತಲೆಯ ಸುತ್ತ ಇದೆ, ಕೆಳಗೆ ಅಗಲವಾದ ಬುಡ. ಅದಕ್ಕೇ ಅವಳು ಸುಮ್ನೆ ನಿಂತರೂ ಅಲ್ಲಾಡಿಸಲಾಗದ ಅಧಿಕಾರ ಕಾಣುತ್ತದೆ. ಅದೇ ತ್ರಿಕೋನವನ್ನು ತಲೆಕೆಳಗು ಮಾಡಿ, ಅಗಲ ಭುಜ ಮತ್ತು ಸಣ್ಣ ಕಾಲು ಕೊಟ್ಟರೆ ಮೈಮೇಲೆ ಬೀಳುವ ರೌಡಿ ಬರುತ್ತಾನೆ. ಅವಳ ಎದುರಿಗಿರುವ ಮೂವರು ಒಳ್ಳೆಯ ಯಕ್ಷಿಣಿಯರು ಕುಳ್ಳಗೆ, ದುಂಡಗೆ ಇರುವುದರಿಂದ ಅವಳ ಎತ್ತರ, ಚೂಪು ಇನ್ನೂ ಎದ್ದು ಕಾಣುತ್ತವೆ.

ಬಣ್ಣದ ವಿಷಯದಲ್ಲಿ ಎಲ್ಲರೂ ‘ಕಪ್ಪು, ನೇರಳೆ, ಹಸಿರು ಕೆಟ್ಟತನದ ಬಣ್ಣ’ ಅಂದು ಮುಗಿಸುತ್ತಾರೆ. ಅವಳ ಬಟ್ಟೆಯ ನೇರಳೆ ಅಂಚಿನ ಕೆಲಸ ಬೇರೆಯೇ ಇದೆ. ಕಪ್ಪು ಬಟ್ಟೆ ಕತ್ತಲ ಕೋಟೆಯ ಹಿನ್ನೆಲೆಯಲ್ಲಿ ಕರಗಿಹೋಗದಂತೆ ಅದು ಮಡಿಕೆಗಳನ್ನು ಬಿಡಿಸಿ ತೋರಿಸುತ್ತದೆ. ಮುಖದ ಪೇಲವ ಹಸಿರು ಸುತ್ತಲ ಕಪ್ಪಿಗಿಂತ ತುಂಬ ತಿಳಿಯಾದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಿಮ್ಮ ಡ್ರಾಯಿಂಗನ್ನು ಒಮ್ಮೆ ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ. ನೇರಳೆಯೂ ಕಪ್ಪೂ ಒಂದೇ ಬೂದು ಆಗಿಬಿಟ್ಟರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ ಆ ಕಾಲರ್ ಕತ್ತಲಲ್ಲಿ ಕಾಣುವುದಿಲ್ಲ. ಆಗ ನೇರಳೆಯನ್ನು ತಿಳಿ ಮಾಡಬೇಕು, ಇಲ್ಲವೇ ಹಿನ್ನೆಲೆಯನ್ನು.