ಪೈಪೋಟಿಯ ಮನೆಗೆ ಬೆಲೆ ಹೇಳುವ ಮುನ್ನ

ಒಂದೇ ಮನೆಯನ್ನು ನಾಲ್ಕೈದು ಮಂದಿ ಮೆಚ್ಚಿಕೊಂಡಿರುವಾಗ, ಮೊದಲ ಸಲ ಮನೆ ಕೊಳ್ಳುವವರು ನನ್ನ ಬಳಿ ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಉಳಿದವರು ಎಷ್ಟು ಹೇಳಿರಬಹುದು? ಅದನ್ನು ಊಹಿಸಲು ಹೊರಟವರು ತಮ್ಮ ಲೆಕ್ಕವನ್ನೇ ಮರೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಾರುವವರ ಪರವಾಗಿರುವ ಮಧ್ಯವರ್ತಿ ಕೊಡುವ ಸುಳಿವನ್ನು ಪರೀಕ್ಷಿಸಿ ನೋಡುವ ದಾರಿ ನಿಮಗೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಕೈಯಲ್ಲಿರುವುದು ನಿಮ್ಮ ಗರಿಷ್ಠ ಮಿತಿ ಮಾತ್ರ, ಮತ್ತು ಅದನ್ನು ನಿರ್ಧರಿಸುವುದರಲ್ಲಿ ಬ್ಯಾಂಕಿನ ಅಂದಾಜಿಗೆ ದೊಡ್ಡ ಪಾತ್ರವಿದೆ.

ಬ್ಯಾಂಕುಗಳು ಸಾಮಾನ್ಯವಾಗಿ ನೀವು ಒಪ್ಪಿದ ಬೆಲೆ ಮತ್ತು ತಮ್ಮ ಮೌಲ್ಯಮಾಪಕರು ಹೇಳಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಒಂದು ಪಾಲನ್ನಷ್ಟೇ ಸಾಲವಾಗಿ ಕೊಡುತ್ತವೆ. ಪೈಪೋಟಿಯಲ್ಲಿ ನೀವು ಏರಿಸಿದ ಮೊತ್ತ ಮೌಲ್ಯಮಾಪಕರ ಅಂದಾಜನ್ನು ದಾಟಿದರೆ, ದಾಟಿದಷ್ಟನ್ನೂ ಪೂರ್ತಿಯಾಗಿ ನಿಮ್ಮ ಉಳಿತಾಯದಿಂದಲೇ ಕಟ್ಟಬೇಕಾಗುತ್ತದೆ. ಸಾಲಕ್ಕೆ ಪೂರ್ವಾನುಮತಿ ಸಿಕ್ಕಿದೆ ಎಂಬ ಧೈರ್ಯ ಇಲ್ಲಿ ಸಾಲದು, ಏಕೆಂದರೆ ಆ ಅನುಮತಿ ನಿಮ್ಮ ಆದಾಯವನ್ನು ನೋಡಿ ಕೊಟ್ಟದ್ದು, ಈ ಮನೆಯನ್ನು ನೋಡಿ ಅಲ್ಲ.

ನನ್ನ ಸಲಹೆ ಕೇಳಿದ ಒಂದು ದಂಪತಿಯ ಲೆಕ್ಕವನ್ನು, ಮಾರುವವರು ಕೇಳಿದ ಬೆಲೆ 100 ಎಂದಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ. ಅವರ ಉಳಿತಾಯ 32. ನೋಂದಣಿ, ತೆರಿಗೆ, ವಕೀಲರ ಶುಲ್ಕ ಮತ್ತು ಸಾಗಣೆಗೆ 6 ಬೇಕಿತ್ತು. ಮನೆಗೆ ಬಂದ ಮೇಲೆ ಎದುರಾಗುವ ದುರಸ್ತಿಗೆಂದು 3 ಮುಟ್ಟದೆ ಇಡುವುದೆಂದು ನಿಶ್ಚಯಿಸಿದೆವು. ಹೀಗೆ ಬೆಲೆಗೆ ಹಾಕಬಹುದಾದ ಸ್ವಂತ ಹಣ 23 ಆಯಿತು. ಆ ಬಡಾವಣೆಯಲ್ಲಿ ಇತ್ತೀಚೆಗೆ ಮಾರಾಟವಾಗಿದ್ದ ಅದೇ ಬಗೆಯ ಮೂರು ಮನೆಗಳ ನೋಂದಾಯಿತ ಬೆಲೆಗಳನ್ನು, ಅಳತೆ ಮತ್ತು ಸ್ಥಿತಿಗೆ ತಕ್ಕಂತೆ ಹೊಂದಿಸಿ ನೋಡಿದಾಗ 98, 101 ಮತ್ತು 103 ಬಂದವು. ಮೌಲ್ಯಮಾಪಕರು ಮೂರರಲ್ಲಿ ಯಾವುದಕ್ಕೆ ಒಲಿಯುತ್ತಾರೆಂಬುದು ಗೊತ್ತಿಲ್ಲದ ಕಾರಣ ಕನಿಷ್ಠವಾದ 98 ಅನ್ನೇ ಹಿಡಿದೆವು. ಬ್ಯಾಂಕ್ 80 ಪ್ರತಿಶತ ಕೊಡುವುದಾದರೆ ಸಾಲ 78.4, ಅದಕ್ಕೆ 23 ಸೇರಿಸಿದರೆ 101.4. ಅದೇ ಅವರ ಗರಿಷ್ಠ ಮಿತಿ.

ಅವರು 105 ಬರೆಯಬೇಕೆಂದಿದ್ದರು. ಆ ಬೆಲೆಗೆ ಒಪ್ಪಂದವಾಗಿ ಅಂದಾಜು 98 ಬಂದಿದ್ದರೆ, ಬೆಲೆಗೆ ಸ್ವಂತ ಹಣ 26.6 ಮತ್ತು ಖರ್ಚು 6, ಒಟ್ಟು 32.6 ಬೇಕಾಗುತ್ತಿತ್ತು, ದುರಸ್ತಿಯ ಹಣವನ್ನು ಬಳಿದು ಹಾಕಿದರೂ ಸಾಲುತ್ತಿರಲಿಲ್ಲ. ಹಿಂದೆ ಸರಿದರೆ, ಬೇಕಾದಷ್ಟು ಸಾಲ ಸಿಗದಿದ್ದರೆ ಮುಂಗಡ ವಾಪಸು ಪಡೆಯಬಹುದೆಂಬ ಸಾಲದ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದಲ್ಲಿ, ಮುಂಗಡ ಹೋಗುವ ಅಪಾಯವಿತ್ತು. ಪೈಪೋಟಿಯಲ್ಲಿ ಗೆಲ್ಲಲು ಈ ಷರತ್ತನ್ನು ಬಿಟ್ಟುಕೊಡಿ ಎಂದು ಯಾರಾದರೂ ಒತ್ತಾಯಿಸಿದರೆ, ಮೊದಲ ಮನೆ ಕೊಳ್ಳುವವರು ಒಪ್ಪಬಾರದೆಂದೇ ನನ್ನ ದೃಢವಾದ ಅಭಿಪ್ರಾಯ. ಷರತ್ತನ್ನು ಉಳಿಸಿಕೊಂಡು ಅದರ ಅವಧಿಯನ್ನು ಮೊಟಕುಗೊಳಿಸಬಹುದು.

ನಾವೂ ಸಾಲದ ಷರತ್ತನ್ನು ಬಿಟ್ಟುಕೊಡಲಿಲ್ಲ. ಎಲ್ಲರೂ ಸಂಜೆಯೊಳಗೆ ಅಂತಿಮ ಬೆಲೆಯನ್ನು ಬರೆದು ಕೊಡಬೇಕೆಂದು ಮಧ್ಯವರ್ತಿ ತಿಳಿಸಿದಾಗ, ದಂಪತಿ 101.4 ಎಂದು ಬರೆದರು, ಮನೆಯ ತಪಾಸಣೆಯನ್ನು ಐದು ದಿನಗಳಲ್ಲಿ ಮುಗಿಸುವುದಾಗಿ ಸೇರಿಸಿದರು, ಮತ್ತು ತಮ್ಮ ಆಫರ್ ಯಾವ ದಿನಾಂಕದವರೆಗೆ ಮಾತ್ರ ಊರ್ಜಿತವೆಂಬುದನ್ನೂ ನಮೂದಿಸಿದರು. ಮಾರುವವರ ಹೊಸ ಮನೆ ಸಿದ್ಧವಾಗಲು ಆರು ವಾರ ಬೇಕೆಂದು ಮೊದಲೇ ಕೇಳಿ ತಿಳಿದಿದ್ದರಿಂದ, ಅಲ್ಲಿಯವರೆಗೆ ಸ್ವಾಧೀನಕ್ಕಾಗಿ ಕಾಯುತ್ತೇವೆ ಎಂದರು. ಈ ಬಗೆಯ ಅನುಕೂಲ ಬೆಲೆಯ ಸಣ್ಣ ಅಂತರವನ್ನು ತುಂಬಬಲ್ಲದು. ದೊಡ್ಡ ಅಂತರವನ್ನು ತುಂಬುವುದಿಲ್ಲ. ಇಲ್ಲಿ ತುಂಬಲಿಲ್ಲ. ಮನೆ 104 ಬರೆದವರಿಗೆ ಹೋಯಿತು.

ಮೂರು ವಾರಗಳ ನಂತರ ಮಧ್ಯವರ್ತಿ ಮತ್ತೆ ಕರೆ ಮಾಡಿ, ಹಳೆಯ ಬೆಲೆಗೇ ಕೊಳ್ಳುವಿರಾ ಎಂದು ಕೇಳಿದರು. ಇಂತಹ ಕರೆ ಬಂದಾಗ ಸಂತೋಷದಲ್ಲಿ ತಕ್ಷಣ ಒಪ್ಪಿಬಿಡುವುದು ಸಹಜ. ಆದರೆ ಮೊದಲು ಕೇಳಬೇಕಾದದ್ದು ಹಿಂದಿನ ಒಪ್ಪಂದ ಏಕೆ ಮುರಿಯಿತೆಂಬುದನ್ನು. ತಪಾಸಣೆಯಲ್ಲಿ ದೋಷ ಕಂಡಿದ್ದರೆ ಬೆಲೆಯ ಲೆಕ್ಕವೇ ಬೇರೆ, ಹಣ ಹೊಂದದೆ ಹೋಗಿದ್ದರೆ ಬೇರೆ. ಇಲ್ಲಿ ಅಂದಾಜು 99 ಬಂದು, ಆ ಕೊಳ್ಳುವವರಿಗೆ ಉಳಿದದ್ದನ್ನು ಹೊಂದಿಸಲು ಆಗಿರಲಿಲ್ಲ. ದಂಪತಿಯ ಹಳೆಯ ಆಫರಿನ ದಿನಾಂಕ ಮೀರಿತ್ತು, ಉಳಿದ ಆಸಕ್ತರು ಬೇರೆ ಮನೆಗಳತ್ತ ಹೋಗಿದ್ದರು. ದಂಪತಿ ಹೊಸದಾಗಿ 100 ಎಂದು ಬರೆದರು, ತಪಾಸಣೆಯ ಷರತ್ತನ್ನು ಹಾಗೆಯೇ ಉಳಿಸಿಕೊಂಡರು. ಮಾರುವವರು ಒಂದು ದಿನ ಯೋಚಿಸಿ ಒಪ್ಪಿದರು.

ಅವರ ಬ್ಯಾಂಕಿನ ಅಂದಾಜೂ 99 ಬಂದಿತು. ಸಾಲ 79.2, ಸ್ವಂತ ಹಣ 20.8, ಖರ್ಚು 6, ಕೈಯಲ್ಲಿ 5.2 ಉಳಿಯಿತು. ತಪಾಸಣೆಯಲ್ಲಿ ಸ್ನಾನದ ಮನೆಯ ಕೊಳಾಯಿಯಿಂದ ಗೋಡೆಯೊಳಗೆ ನೀರು ಜಿನುಗುತ್ತಿರುವುದು ಪತ್ತೆಯಾಗಿತ್ತು, ಮತ್ತು ಆ ಉಳಿಕೆಯಲ್ಲಿ 2 ಅದರ ದುರಸ್ತಿಗೆ ಹೋಯಿತು.