ಸಾವಯವ ಬೆಲ್ಲ, ಇಡಿ ಧಾನ್ಯದ ಬಿಸ್ಕತ್ತು: ಪೊಟ್ಟಣದ ಮುದ್ರೆ ಓದುವುದು ಹೇಗೆ

ಮಂಡ್ಯದ ಅಂಗಡಿಗಳಲ್ಲಿ ಕಪ್ಪು ಬೆಲ್ಲ ಕಂಡರೆ ಸಾವಯವ, ಹಳದಿ ಬೆಲ್ಲ ಕಂಡರೆ ಕೆಮಿಕಲ್ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಇದು ಅರ್ಧ ಮಾತ್ರ ನಿಜ. ಬಣ್ಣ ತಿಳಿಯಾಗಲಿ ಅಂತ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಆದರೆ ಬಣ್ಣ ಕಬ್ಬಿನ ತಳಿಯಿಂದ, ಮಣ್ಣಿನಿಂದ, ಪಾಕದ ಹದದಿಂದಲೂ ಬದಲಾಗುತ್ತದೆ. ಕೊಪ್ಪರಿಗೆಯ ತಳ ಹತ್ತಿದರೂ ಬೆಲ್ಲ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ, ಕುದಿಯುವ ರಸದ ಕೊಳೆಯನ್ನು ಚೆನ್ನಾಗಿ ತೆಗೆದರೆ ಹೈಡ್ರೋಸ್ ಇಲ್ಲದೆಯೂ ಹೊಂಬಣ್ಣ ಬರುತ್ತದೆ. ಹಾಗಾಗಿ ಬಣ್ಣ ಬಿಟ್ಟು ಪೊಟ್ಟಣ ಓದೋಣ.

ಮೊದಲು ಹುಡುಕಬೇಕಾದದ್ದು ‘ಜೈವಿಕ್ ಭಾರತ್’ ಎಂಬ ಹಸಿರು ಮುದ್ರೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2017ರಲ್ಲಿ ಸಾವಯವ ಆಹಾರದ ನಿಯಮ ತಂದ ಮೇಲೆ ಬಂದದ್ದು ಇದು. ಪ್ರಾಧಿಕಾರವೇ ಹೊಲಕ್ಕೆ ಹೋಗಿ ನೋಡುವುದಿಲ್ಲ. ಆ ಕೆಲಸಕ್ಕೆ ಎರಡು ದಾರಿಗಳಿವೆ, ಅದರಲ್ಲಿ ಒಂದರಿಂದ ಪ್ರಮಾಣಪತ್ರ ಸಿಕ್ಕಿರಬೇಕು. ಒಂದು, ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೇಡಾ ನಡೆಸುವ ಎನ್‌ಪಿಒಪಿ ಎಂಬ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇಲ್ಲಿ ಹೊರಗಿನ ಪ್ರಮಾಣೀಕರಣ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ಇದರ ಮುದ್ರೆ ‘ಇಂಡಿಯಾ ಆರ್ಗ್ಯಾನಿಕ್’. ಇನ್ನೊಂದು, ಕೃಷಿ ಸಚಿವಾಲಯದ ಪಿಜಿಎಸ್, ಅಂದರೆ ರೈತರೇ ಸೇರಿ ಖಾತ್ರಿ ಕೊಡುವ ವ್ಯವಸ್ಥೆ. ಇಲ್ಲಿ ಅಕ್ಕಪಕ್ಕದ ರೈತರು, ಕನಿಷ್ಠ ಐದು ಜನ, ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಖರ್ಚು ಕಡಿಮೆ, ಹಾಗಾಗಿ ಸಣ್ಣ ರೈತರಿಗೆ ಅನುಕೂಲ. ಪಿಜಿಎಸ್‌ನಲ್ಲಿ ಒಂದು ಸೂಕ್ಷ್ಮ ಇದೆ: ‘ಪಿಜಿಎಸ್ ಗ್ರೀನ್’ ಅಂತ ಇದ್ದರೆ ಹೊಲ ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. ಪೂರ್ತಿ ಸಾವಯವಕ್ಕೆ ‘ಪಿಜಿಎಸ್ ಆರ್ಗ್ಯಾನಿಕ್’ ಅಂತಲೇ ಇರಬೇಕು.

ಈಗ ಒಂದು ಉದಾಹರಣೆ. ಮದ್ದೂರಿನ ಕಡೆಯ ರೈತರೊಬ್ಬರ ಕಬ್ಬಿಗೆ ಎನ್‌ಪಿಒಪಿ ಪ್ರಮಾಣಪತ್ರ ಇದೆ ಅಂದುಕೊಳ್ಳಿ. ಕಬ್ಬನ್ನು ಊರಿನ ಆಲೆಮನೆಗೆ ಹಾಕುತ್ತಾರೆ. ಅದೇ ಆಲೆಮನೆಗೆ ಎಲ್ಲರ ಕಬ್ಬೂ ಬರುತ್ತದೆ. ಬೆಲ್ಲದ ಪೊಟ್ಟಣದ ಮೇಲೆ ‘ಸಾವಯವ’ ಅಂತ ಹಾಕಬಹುದಾ? ಹಾಕುವಂತಿಲ್ಲ. ಪ್ರಮಾಣಪತ್ರ ಇರುವುದು ಕಬ್ಬಿಗೆ. ಬೆಲ್ಲಕ್ಕೆ ಬೇಕಾದರೆ ಆಲೆಮನೆಯೂ ಪ್ರಮಾಣೀಕರಣದೊಳಗೆ ಬರಬೇಕು, ಸಾವಯವ ಕಬ್ಬನ್ನು ಬೇರೆಯಾಗಿ ಅರೆಯಬೇಕು, ಕೊಪ್ಪರಿಗೆ ತೊಳೆದಿರಬೇಕು, ಹೈಡ್ರೋಸ್ ಮುಟ್ಟಬಾರದು. ಅದಕ್ಕೇ ಮಾರುವವರು ಪ್ರಮಾಣಪತ್ರ ತೋರಿಸಿದರೆ ಮೂರು ವಿಷಯ ನೋಡಿ: ಅದರಲ್ಲಿ ಯಾವ ಪದಾರ್ಥದ ಹೆಸರಿದೆ, ಯಾರ ಹೆಸರಿಗಿದೆ, ಅವಧಿ ಯಾವಾಗ ಮುಗಿಯುತ್ತದೆ. ನನ್ನ ಪ್ರಕಾರ ಮುದ್ರೆಗಿಂತ ಈ ಮೂರು ಸಾಲುಗಳೇ ಹೆಚ್ಚು ಹೇಳುತ್ತವೆ.

ರೈತರೇ ನೇರವಾಗಿ ತಿನ್ನುವವರಿಗೆ ಮಾರಿದರೆ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದಿದ್ದರೆ, ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಅವರು ಜೈವಿಕ್ ಭಾರತ್ ಮುದ್ರೆ ಹಾಕುವಂತಿಲ್ಲ. ಆದ್ದರಿಂದ ಸಂತೆಯಲ್ಲಿ ಸಿಗುವ ಬೆಲ್ಲದ ಮೇಲೆ ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಅದು ಮೋಸ ಅಲ್ಲ. ಅಲ್ಲಿ ನಂಬಿಕೆಗೆ ಆಧಾರ ಮಾರುವವರ ಪರಿಚಯ ಅಷ್ಟೇ.

ಸಾವಯವ ಮುದ್ರೆ ಖಾತ್ರಿ ಕೊಡುವುದು ಬೆಳೆದ ಮತ್ತು ತಯಾರಿಸಿದ ಕ್ರಮಕ್ಕೆ. ಸಕ್ಕರೆ ಅಂಶ ಕಡಿಮೆ, ಪೌಷ್ಟಿಕಾಂಶ ಜಾಸ್ತಿ ಅಂತ ಅದು ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಸಾವಯವ ಬೆಲ್ಲವೂ ಬೆಲ್ಲವೇ.

ಅಗ್‌ಮಾರ್ಕ್ ಬೇರೆ ವಿಷಯ. 1937ರ ಕಾಯ್ದೆಯಡಿ ಕೃಷಿ ಉತ್ಪನ್ನದ ದರ್ಜೆ ಮತ್ತು ಗುಣಮಟ್ಟ ಹೇಳುತ್ತದೆ, ಸಾವಯವ ಹೌದೋ ಅಲ್ಲವೋ ಅನ್ನುವುದನ್ನು ಹೇಳುವುದಿಲ್ಲ. ಎಫ್‌ಎಸ್‌ಎಸ್‌ಎಐ ಮುದ್ರೆಯ ಜೊತೆಗಿನ 14 ಅಂಕಿಗಳು ಬರೀ ಪರವಾನಗಿ ಅಥವಾ ನೋಂದಣಿ ಸಂಖ್ಯೆ. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ನೋಂದಣಿ. ಚಿಪ್ಸ್ ಪೊಟ್ಟಣದ ಮೇಲೂ ಇದೇ ಇರುತ್ತದೆ ಅಲ್ವಾ?

ಇನ್ನು ಇಡಿ ಧಾನ್ಯ, ಅಂದರೆ ತೌಡು ತೆಗೆಯದ ಧಾನ್ಯ. ಇದಕ್ಕೆ ಜೈವಿಕ್ ಭಾರತ್ ತರಹದ ಸರ್ಕಾರಿ ಮುದ್ರೆ ನಮ್ಮಲ್ಲಿಲ್ಲ. ತೆನೆಯ ಚಿತ್ರ, ‘ಮಲ್ಟಿಗ್ರೇನ್’ ಅನ್ನುವ ಪದ, ಕಂದು ಬಣ್ಣ ಯಾವುದೂ ಪ್ರಮಾಣ ಅಲ್ಲ. ಹೊರದೇಶದ ಓಟ್ಸ್ ಪೊಟ್ಟಣಗಳ ಮೇಲೆ ಕಾಣುವ ಹಳದಿ ಮುದ್ರೆ ಅಮೆರಿಕದ ಖಾಸಗಿ ಸಂಸ್ಥೆಯದು. ಅದರಲ್ಲಿ ‘100%’ ಅಂತ ಇದ್ದರೆ ಮಾತ್ರ ಧಾನ್ಯವೆಲ್ಲ ಇಡಿಯಾದದ್ದು. ಶೇಕಡಾವಾರು ಇಲ್ಲದ ಸಾದಾ ಮುದ್ರೆಗೆ ಒಂದು ಬಾರಿ ತಿನ್ನುವ ಪ್ರಮಾಣದಲ್ಲಿ 8 ಗ್ರಾಂ ಇಡಿ ಧಾನ್ಯ ಇದ್ದರೆ ಸಾಕು.

ಹಾಗಾಗಿ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ರಾಗಿ ಬಿಸ್ಕತ್ತಿನ ಪಟ್ಟಿ ‘ಮೈದಾ, ಸಕ್ಕರೆ, ಎಣ್ಣೆ, ರಾಗಿ ಹಿಟ್ಟು 9%’ ಅಂತ ಇದ್ದರೆ, 100 ಗ್ರಾಂ ಬಿಸ್ಕತ್ತಿಗೆ ರಾಗಿ ಬಳಸಿರುವುದು 9 ಗ್ರಾಂ. ಹೆಸರಿನಲ್ಲಿ ರಾಗಿಯನ್ನು ಎತ್ತಿ ಹೇಳಿದರೆ ಅದರ ಶೇಕಡಾವಾರು ಕೊಡಬೇಕು ಅಂತ ನಿಯಮವಿದೆ. ಪಟ್ಟಿಯಲ್ಲಿ ಕ್ಯಾರಮೆಲ್, ಅಂದರೆ 150 ಸಂಖ್ಯೆಯ ಬಣ್ಣ ಕಂಡರೆ, ಆ ಕಂದು ಬಣ್ಣ ಪೂರ್ತಿ ರಾಗಿಯಿಂದ ಬಂದದ್ದಲ್ಲ. ಮನೆಯಲ್ಲಿ ಗಿರಣಿಗೆ ಹಾಕಿಸುವ ರಾಗಿಗೆ ಈ ತೊಂದರೆಯೇ ಇಲ್ಲ. ಕಾಳು ಅಷ್ಟು ಚಿಕ್ಕದಾದ್ದರಿಂದ ಸಿಪ್ಪೆ ಬಿಡಿಸುವುದು ಕಷ್ಟ, ಸಾಮಾನ್ಯವಾಗಿ ಇಡೀ ಕಾಳೇ ಹಿಟ್ಟಾಗುತ್ತದೆ.