ಹಳದಿ ಬಣ್ಣ ಕಂಡ ಮಾತ್ರಕ್ಕೆ ಲೋಕಸ್ಟ್ ಅಲ್ಲ: ಮಿಡತೆ ಫೋಟೋಗಳ ಗೊಂದಲದ ಹಿನ್ನೆಲೆ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ತೋಟಗಳಿಂದ ಆಗಾಗ ಒಂದು ಬಗೆಯ ಫೋಟೋ ಮೊಬೈಲ್‌ನಿಂದ ಮೊಬೈಲ್‌ಗೆ ದಾಟುತ್ತಿರುತ್ತದೆ. ಬಾಳೆ ಎಲೆಯ ಮೇಲೋ ಅಡಿಕೆ ಸಸಿಯ ಮೇಲೋ ಹತ್ತಿಪ್ಪತ್ತು ಮಿಡತೆಗಳು ಒತ್ತೊತ್ತಾಗಿ ಕೂತಿರುತ್ತವೆ. ಮೈ ಕಪ್ಪು, ಮೇಲೆ ಹಳದಿ. ಜೊತೆಗೆ ಬರುವ ಪ್ರಶ್ನೆ ಒಂದೇ: ಇದು ರಾಜಸ್ಥಾನಕ್ಕೆ ಬಂದಿತ್ತಲ್ಲ, ಆ ಲೋಕಸ್ಟಾ? ಹೌದು ಎನ್ನುವವರೂ ಬಣ್ಣ ತೋರಿಸುತ್ತಾರೆ, ಅಲ್ಲ ಎನ್ನುವವರೂ ಬಣ್ಣವನ್ನೇ ತೋರಿಸುತ್ತಾರೆ. ಈ ವಾದ ಮುಗಿಯದಿರುವುದಕ್ಕೆ ಕಾರಣ ನೂರು ವರ್ಷದ ಹಿಂದಿನಿಂದ ಬಂದಿದೆ.

ಲೋಕಸ್ಟ್ ಮಿಡತೆಗಿಂತ ಬೇರೆಯಾದ ಹುಳುವಲ್ಲ. ಗಿಡ್ಡ ಮೀಸೆಯ ಮಿಡತೆಗಳ ಸಾವಿರಾರು ಜಾತಿಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಒಂದು ಶಕ್ತಿ ಇದೆ. ಒಂಟಿಯಾಗಿದ್ದಾಗ ಅವು ಸಾಧಾರಣ ಮಿಡತೆಯಂತೆ ಬಾಳುತ್ತವೆ. ದಟ್ಟಣೆ ಹೆಚ್ಚಿದಾಗ ನಡತೆ, ಬಣ್ಣ, ಮೈಕಟ್ಟು ಎಲ್ಲವನ್ನೂ ಬದಲಿಸಿಕೊಂಡು ಹಿಂಡು ಕಟ್ಟುತ್ತವೆ. ಇದು ತಿಳಿಯುವ ಮೊದಲು ವಿಜ್ಞಾನಿಗಳೂ ಮೋಸಹೋಗಿದ್ದರು. ವಲಸೆ ಮಿಡತೆ ಎಂಬ ಲೋಕಸ್ಟ್ ಜಾತಿಯ ಒಂಟಿ ರೂಪಕ್ಕೂ ಹಿಂಡಿನ ರೂಪಕ್ಕೂ ಬೇರೆ ಬೇರೆ ಜಾತಿಯ ಹೆಸರುಗಳಿದ್ದವು. ಕೀಟಶಾಸ್ತ್ರಜ್ಞ ಬೋರಿಸ್ ಉವರೋವ್ 1921ರಲ್ಲಿ ಎರಡೂ ಒಂದೇ ಜಾತಿಯ ಎರಡು ಸ್ಥಿತಿಗಳೆಂದು ಬರೆದ ಮೇಲೆ ಚಿತ್ರ ತಿಳಿಯಾಯಿತು. ಅಲ್ಲಿಂದಾಚೆ ಭಾರತದಲ್ಲಿ 1939ರಲ್ಲಿ ಮಿಡತೆ ಎಚ್ಚರಿಕೆ ಸಂಸ್ಥೆ ಹುಟ್ಟಿತು, 1962ರ ಹೊತ್ತಿಗೆ ಕೊನೆಯ ಮಹಾ ದಾಳಿ ಮುಗಿಯಿತು, 1993ರಲ್ಲಿ ಮತ್ತೊಂದು ಜೋರಾದ ಸುತ್ತು ಬಂದುಹೋಯಿತು. ಇದೆಲ್ಲ ಮಲೆನಾಡಿಗೆ ದೂರದ ಸುದ್ದಿಯಾಗಿಯೇ ಉಳಿಯಿತು.

ಆದರೆ ಅದಕ್ಕೂ ಮೊದಲಿನ ಒಂದು ಹಿಂಡು ನಮ್ಮ ಘಟ್ಟಕ್ಕೆ ಹತ್ತಿರದ್ದು. 1901ರಿಂದ 1908ರವರೆಗೆ ಆಗಿನ ಮುಂಬೈ ಪ್ರಾಂತ್ಯವನ್ನು ಕಾಡಿದ ಬಾಂಬೆ ಲೋಕಸ್ಟ್ ಚಳಿಗಾಲ ಕಳೆಯುತ್ತಿದ್ದುದು ಪಶ್ಚಿಮ ಘಟ್ಟದ ಕಾಡಿನಲ್ಲಿ. ಮಳೆ ಶುರುವಾಗುವ ಹೊತ್ತಿಗೆ ಬಯಲಿಗೆ ಹಾರಿ ಅಲ್ಲಿ ಮೊಟ್ಟೆ ಇಡುತ್ತಿತ್ತು. ಇದರ ಬದುಕನ್ನು ವಿವರವಾಗಿ ದಾಖಲಿಸಿದವರು ಕೀಟಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಲೆಫ್ರಾಯ್. ಚಳಿಗಾಲದಲ್ಲಿ ಆ ಮಿಡತೆ ಕೆಂಪಗೆ ಕಾಣುತ್ತಿತ್ತು. ಆ ಕೆಂಪು ಅದರ ವಯಸ್ಸಿನ, ಋತುವಿನ ಬಣ್ಣ. ರಾಜಸ್ಥಾನಕ್ಕೆ ಬರುವ ಲೋಕಸ್ಟ್ ಆದ ಮರುಭೂಮಿ ಮಿಡತೆಯಲ್ಲಿ ಒಂಟಿಗೂ ಹಿಂಡಿಗೂ ಕಾಣುವಂಥ ಎದ್ದುಕಾಣುವ ವ್ಯತ್ಯಾಸ ಈ ಜಾತಿಯಲ್ಲಿ ಇಲ್ಲ. ಲೋಕಸ್ಟ್ ಎನಿಸಿಕೊಂಡ ಜಾತಿಗಳೊಳಗೂ ಬಣ್ಣದ ನಿಯಮ ಒಂದೇ ಅಲ್ಲ.

ಈಗಿನ ಗೊಂದಲದ ಬೇರು 2020ರ ಮೇ ತಿಂಗಳಲ್ಲಿದೆ. ಮರುಭೂಮಿ ಮಿಡತೆಯ ಹಿಂಡುಗಳು ರಾಜಸ್ಥಾನ ದಾಟಿ ಮಧ್ಯಪ್ರದೇಶ, ವಿದರ್ಭಕ್ಕೆ ಬಂದಾಗ ಬೀದರ್, ಕಲಬುರಗಿ ಕಡೆ ಎಚ್ಚರಿಕೆ ಕೊಡಲಾಯಿತು. ಹಿಂಡು ಕರ್ನಾಟಕಕ್ಕೆ ಬರಲಿಲ್ಲ, ಫೋಟೋಗಳು ಬಂದವು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಇದ್ದ ಜನ ಹಿತ್ತಿಲು, ಬೇಲಿ, ತೋಟವನ್ನು ಎಂದಿಲ್ಲದಷ್ಟು ಹತ್ತಿರದಿಂದ ನೋಡಿದರು. ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ನೇರಲಗಿರಿಯಲ್ಲಿ ಎಕ್ಕದ ಗಿಡಗಳ ಮೇಲೆ ಮಿಡತೆಗಳು ಮುತ್ತಿದ್ದು ದೊಡ್ಡ ಸುದ್ದಿಯಾಯಿತು. ಅವು ಎಕ್ಕವನ್ನೇ ನೆಚ್ಚಿಕೊಂಡ, ನೀಲಿ ಹಳದಿ ಪಟ್ಟೆಯ ಸ್ಥಳೀಯ ಮಿಡತೆಗಳಾಗಿದ್ದವು. ಅದೇ ದಿನಗಳಲ್ಲಿ ಎಲ್ಲರ ಕೈಗೂ ಸಿಕ್ಕ ಒಂದು ಸಾಲಿನ ಪಾಠ ಮಾತ್ರ ಉಳಿದುಬಿಟ್ಟಿತು: ಹಸಿರಾದರೆ ಮಿಡತೆ, ಹಳದಿಯಾದರೆ ಲೋಕಸ್ಟ್. ಮರುಭೂಮಿ ಮಿಡತೆಯ ಬದುಕಿನ ಒಂದು ಹಂತಕ್ಕೆ ಮಾತ್ರ ಸಲ್ಲುವ ಮಾತು ಎಲ್ಲ ಮಿಡತೆಗಳಿಗೂ ಅಳತೆಗೋಲಾಯಿತು.

ಆ ಜಾತಿಯಲ್ಲೇ ಬಣ್ಣ ಹೇಗೆ ಬದಲಾಗುತ್ತದೆಂದು ನೋಡಿದರೆ ಈ ಅಳತೆಗೋಲು ಎಷ್ಟು ಸಡಿಲವೆಂದು ಗೊತ್ತಾಗುತ್ತದೆ. ಒಂಟಿ ಸ್ಥಿತಿಯ ಮರಿ ಹಸಿರು, ಬೆಳೆದದ್ದು ಬೂದು ಕಂದು. ಹಿಂಡಿನ ಸ್ಥಿತಿಯ ಮರಿಗೆ ಹಳದಿ ನೆಲದ ಮೇಲೆ ಕಪ್ಪು ಗುರುತುಗಳು. ಅದಕ್ಕೆ ರೆಕ್ಕೆ ಬಂದ ಹೊಸತರಲ್ಲಿ ಮೈ ನಸುಗೆಂಪು. ಸಂತಾನಕ್ಕೆ ಸಿದ್ಧವಾದ ಮೇಲಷ್ಟೇ ಹಳದಿ, ಅದರಲ್ಲೂ ಗಂಡು ಹೊಳೆಯುವ ಹಳದಿ. 2020ರ ಮೇ ತಿಂಗಳಲ್ಲಿ ರಾಜಸ್ಥಾನಕ್ಕೆ ಬಂದ ಹಿಂಡುಗಳು ಇನ್ನೂ ಬಲಿಯದ, ನಸುಗೆಂಪು ಬಣ್ಣದವು. ಹಳದಿಯಾದರೆ ಲೋಕಸ್ಟ್ ಎಂದು ನಂಬಿದವನ ಮುಂದೆ ಆ ಹಿಂಡೇ ಇಳಿದಿದ್ದರೂ ಅವನು ಗುರುತಿಸುತ್ತಿರಲಿಲ್ಲ.

ಇನ್ನೂ ಮುಖ್ಯವಾದದ್ದು, ಬಣ್ಣ ಮತ್ತು ನಡತೆ ಒಟ್ಟಿಗೆ ಬದಲಾಗುವುದಿಲ್ಲ. ಒಂಟಿ ಮಿಡತೆಗಳನ್ನು ಇಕ್ಕಟ್ಟಿನಲ್ಲಿಟ್ಟರೆ ಹಿಂಗಾಲಿನ ತೊಡೆಗೆ ಪದೇ ಪದೇ ಇನ್ನೊಂದರ ಮೈ ತಾಗುತ್ತದೆ. ಅದರಿಂದ, ಜೊತೆಗೆ ಇತರ ಮಿಡತೆಗಳ ನೋಟ ಮತ್ತು ವಾಸನೆಯಿಂದ, ಎದೆಯ ಭಾಗದ ನರಗಂಟಿನಲ್ಲಿ ಸೆರೊಟೋನಿನ್ ಏರುತ್ತದೆ. ಕೆಲವೇ ಗಂಟೆಗಳಲ್ಲಿ, ಪರಸ್ಪರ ದೂರ ಸರಿಯುತ್ತಿದ್ದ ಹುಳುಗಳು ಹತ್ತಿರ ಸೇರತೊಡಗುತ್ತವೆ. ಇದು 2009ರಲ್ಲಿ ಖಚಿತವಾಯಿತು. ಕಪ್ಪು ಬಣ್ಣ ತರುವುದು ಬೇರೆಯೇ ಹಾರ್ಮೋನು, ಕೊರಜೋನಿನ್. ಮಿಡತೆಯ ಮೈ ಕಪ್ಪಾಗುವುದರಲ್ಲಿ ಅದರ ಪಾತ್ರ 1999ರಲ್ಲಿ ತಿಳಿಯಿತು. ಈ ಬಣ್ಣ ಮೂಡಲು ಮರಿ ಪೊರೆ ಕಳಚಬೇಕು. ಪೊರೆ ಕಳಚಲು ದಿನಗಳೇ ಬೇಕು. ಅದಕ್ಕೇ ಹಿಂಡಿನ ನಡತೆ ಆಗಲೇ ಶುರುವಾದ ಮರಿ ಮೈಯಲ್ಲಿ ಇನ್ನೂ ಹಸಿರಾಗಿಯೇ ಇರಬಹುದು. ಹಿಂಡಿನಲ್ಲಿ ಬೆಳೆದ ತಾಯಿ ಇಟ್ಟ ಮೊಟ್ಟೆಯಿಂದ ಮಾತ್ರ ಮರಿಗಳು ಹುಟ್ಟುವಾಗಲೇ ಕಪ್ಪಾಗಿ ಬರುತ್ತವೆ. ಬಲಿತ ಗಂಡಿನ ಹಳದಿಗೂ ತನ್ನದೇ ಕಾರಣವಿದೆ: ಇಕ್ಕಟ್ಟಿನಲ್ಲಿ ಒಂದು ಗಂಡು ಇನ್ನೊಂದು ಗಂಡನ್ನು ಹೆಣ್ಣೆಂದು ತಪ್ಪಾಗಿ ಏರದಂತೆ ಅದು ತಡೆಯುತ್ತದೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಸಾಲದ್ದಕ್ಕೆ, ಹಿಂಡು ಕಟ್ಟದ ಎಷ್ಟೋ ಮಿಡತೆಗಳೂ ಹಸಿರು ಮತ್ತು ಕಂದು ಎರಡು ಬಣ್ಣದಲ್ಲಿ ಬರುತ್ತವೆ. ಹುಲ್ಲು ಹಸಿಯಾಗಿ, ಗಾಳಿಯಲ್ಲಿ ತೇವವಿದ್ದಾಗ ಹಸಿರಿನವು ಹೆಚ್ಚು. ಒಣಗಿದ ನೆಲದಲ್ಲಿ ಕಂದು ಹೆಚ್ಚು. ಆಗಸ್ಟ್‌ನಲ್ಲಿ ಹಸಿರಾಗಿದ್ದ ಗದ್ದೆಯಂಚಿನಲ್ಲಿ ಬೇಸಿಗೆಗೆ ಕಂದು ಮಿಡತೆ ಕಂಡರೆ ಅದು ಹಿಂಡಿನ ತಯಾರಿಯಲ್ಲ.

ಈಗ ಮೊದಲು ಹೇಳಿದ ಫೋಟೋವನ್ನೇ ಬಿಡಿಸಿ ನೋಡೋಣ. ಕಪ್ಪು, ಹಳದಿ, ಗುಂಪು: ಮೂರೂ ಹಿಂಡಿನ ಮರಿಗಳ ಲಕ್ಷಣದಂತೆಯೇ ಕಾಣುತ್ತವೆ. ಆದರೆ ರೆಕ್ಕೆಯನ್ನು ದೊಡ್ಡದು ಮಾಡಿ ನೋಡಿದರೆ ಗಾಢ ಬಣ್ಣದ ಮುಂರೆಕ್ಕೆಯ ತುಂಬ ದುಂಡಗಿನ ಹಳದಿ ಚುಕ್ಕೆಗಳಿವೆ. ಕುತ್ತಿಗೆಯ ಮೇಲಿನ ಕವಚ ನಯವಾಗಿಲ್ಲ, ಉಬ್ಬುಉಬ್ಬಾಗಿದೆ, ಅಂಚಿನಲ್ಲಿ ಹಳದಿ. ರೆಕ್ಕೆ ಸರಿದ ಕಡೆ ಹೊಟ್ಟೆಯ ಮೇಲೆ ಕೆಂಪು ಪಟ್ಟಿ. ಇದು ಆಲಾರ್ಕಿಸ್ ಮಿಲಿಯಾರಿಸ್, ಕಾಫಿ, ಏಲಕ್ಕಿ, ಬಾಳೆ, ಅಡಿಕೆ ಎಲ್ಲದರ ಎಲೆಯನ್ನೂ ಮೇಯುವ ಚುಕ್ಕೆ ಮಿಡತೆ. ಇದರ ಬಣ್ಣ ದಟ್ಟಣೆಯಿಂದ ಬಂದದ್ದಲ್ಲ. ಒಂದೇ ಒಂದು ಹುಳು ಇದ್ದರೂ ಅದು ಇದೇ ಬಣ್ಣದಲ್ಲಿರುತ್ತದೆ, ಏಕೆಂದರೆ ಇದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ: ನಾನು ತಿನ್ನಲು ಯೋಗ್ಯವಲ್ಲ. ಹಿಡಿದರೆ ಎದೆಯ ಭಾಗದಿಂದ ಕೆಟ್ಟ ವಾಸನೆಯ ನೊರೆ ಉಕ್ಕುತ್ತದೆ. ಗುಂಪು ಸೇರುವುದೂ ಇದರ ಹುಟ್ಟುಗುಣ. ಆದರೆ ಇದು ಭಾರದ, ಮಂದಗತಿಯ ಹುಳು. ಮರುಭೂಮಿ ಮಿಡತೆಯ ಹಿಂಡು ಗಾಳಿಯ ಜೊತೆ ದಿನಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಸಾಗಬಲ್ಲದು. ಇದು ಕಷ್ಟಪಟ್ಟು ಒಂದು ಗಿಡದಿಂದ ಇನ್ನೊಂದಕ್ಕೆ ಹೋದರೆ ಹೆಚ್ಚು.

ನಿಜಕ್ಕೂ ಕಷ್ಟ ಕೊಡುವ ಫೋಟೋ ಬೇರೆಯದು. ಗದ್ದೆಯ ಬದುವಿನಲ್ಲಿ ಒಂದೇ ಒಂದು ದೊಡ್ಡ ಕಂದು ಮಿಡತೆ, ಬೆರಳಿನಷ್ಟುದ್ದ, ಹತ್ತಿರ ಹೋದರೆ ದೂರಕ್ಕೆ ಹಾರಿಬಿಡುತ್ತದೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ಸಿರ್ಟಕ್ಯಾಂತಾಕ್ರಿಸ್ ಟಟಾರಿಕಾ ಹೀಗಿರುತ್ತದೆ. ಇದು ಮರುಭೂಮಿ ಮಿಡತೆಯ ಹತ್ತಿರದ ನಂಟು. ಮೇಲಿನಿಂದ ತೆಗೆದ ಫೋಟೋದಲ್ಲಿ ತಲೆಯಿಂದ ಮಡಚಿದ ರೆಕ್ಕೆಯವರೆಗೆ ಬೆನ್ನಿನ ನಡುವೆ ಒಂದು ತಿಳಿ ಪಟ್ಟೆ ಇದ್ದು, ರೆಕ್ಕೆಯಲ್ಲಿ ದೊಡ್ಡ ಗಾಢ ಕಲೆಗಳಿದ್ದರೆ ಬಹುತೇಕ ಇದೇ. ಮರುಭೂಮಿ ಮಿಡತೆಯ ರೆಕ್ಕೆಯಲ್ಲಿರುವುದು ಚಿಕ್ಕ ಚಿಕ್ಕ ಕಂದು ಚುಕ್ಕೆಗಳು. ಅನುಮಾನ ಉಳಿದರೆ ಹುಳುವನ್ನು ಮಗುಚಿ ಮುಂಗಾಲುಗಳ ನಡುವಿನ ಗೂಟದಂಥ ಮುಳ್ಳನ್ನು ನೋಡಬೇಕು. ಟಟಾರಿಕಾದಲ್ಲಿ ಅದು ಹಿಂದಕ್ಕೆ ಬಾಗಿರುತ್ತದೆ, ಮರುಭೂಮಿ ಮಿಡತೆಯಲ್ಲಿ ನೆಟ್ಟಗೆ, ತುದಿ ಮೊಂಡು. ಹುಳುವಿನ ಕೆಳಭಾಗದ ಫೋಟೋವನ್ನು ಯಾರೂ ಕಳಿಸುವುದಿಲ್ಲ. ಗುರುತಿಸುವವರಿಗೆ ಬೇಕಾದದ್ದು ಅದೇ.

ಜಾತಿ ಗೊತ್ತಾದ ಮೇಲೂ ಸ್ಥಿತಿಯ ಪ್ರಶ್ನೆ ಉಳಿಯುತ್ತದೆ. ಒಂಟಿ ವಲಸೆ ಮಿಡತೆಗಳು ಹಿಂಡು ಕಟ್ಟದೆಯೇ ದೇಶದ ಹಲವು ಕಡೆ ಹುಲ್ಲಿನಲ್ಲಿ ಬಾಳುತ್ತವೆ. ಆದ್ದರಿಂದ ಒಂದು ಹುಳುವಿನ ಜಾತಿಯ ಹೆಸರು ಲೋಕಸ್ಟ್ ಪಟ್ಟಿಯಲ್ಲಿದ್ದರೂ ಅದು ದಾಳಿಯ ಸುದ್ದಿಯಲ್ಲ. ಮರುಭೂಮಿ ಮಿಡತೆಯ ಸ್ಥಿತಿ ತಿಳಿಯಲು ತಜ್ಞರು ಬಣ್ಣಕ್ಕಿಂತ ಅಳತೆಯನ್ನು ನೆಚ್ಚುತ್ತಾರೆ: ಹಿಂಗಾಲಿನ ತೊಡೆಯ ಉದ್ದವನ್ನು ತಲೆಯ ಅಗಲದಿಂದ ಭಾಗಿಸುತ್ತಾರೆ. ಉತ್ತರ ಸುಮಾರು 3.15 ಅಥವಾ ಅದಕ್ಕಿಂತ ಕಡಿಮೆಯಾದರೆ ಹಿಂಡಿನದು, 3.75 ಅಥವಾ ಹೆಚ್ಚಾದರೆ ಒಂಟಿಯದು, ನಡುವಿನದು ಬದಲಾಗುತ್ತಿರುವುದು. ಓರೆಯಾಗಿ ತೆಗೆದ ಫೋಟೋದಲ್ಲಿ ತೊಡೆ ಗಿಡ್ಡವಾಗಿ ಕಾಣುವುದರಿಂದ ಈ ಲೆಕ್ಕ ಕೆಡುತ್ತದೆ. ಸಂಜೆ ಬಿಸಿಲಲ್ಲಿ ತೆಗೆದರೆ ಹಸಿರೂ ಹಳದಿಯಾಗಿ ಕಾಣುತ್ತದೆ. ನಾಲ್ಕು ಕೈ ದಾಟಿ ಬಂದ ಚಿತ್ರದಲ್ಲಿ ರೆಕ್ಕೆಯ ಚುಕ್ಕೆಗಳು ಕಲಸಿಹೋಗಿರುತ್ತವೆ. ನೆರಳಲ್ಲಿ, ಪಕ್ಕದಿಂದ ಒಂದು, ಮೇಲಿನಿಂದ ಒಂದು, ಕೆಳಗಿನಿಂದ ಒಂದು ಚಿತ್ರ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೂಲ ಫೈಲನ್ನೇ ಕಳಿಸಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಎಷ್ಟಿದ್ದವು, ಯಾವ ಗಿಡದ ಮೇಲೆ, ಒಂದೇ ದಿಕ್ಕಿಗೆ ಸಾಗುತ್ತಿದ್ದವೇ ಎಂಬುದನ್ನು ಫೋಟೋ ಹೇಳಲಾರದು, ಬರೆದು ತಿಳಿಸಬೇಕು.

ಮರುಭೂಮಿ ಮಿಡತೆ ಮಲೆನಾಡಿನಲ್ಲಿ ನೆಲೆಯೂರುವ ಸಂಭವ ತೀರಾ ಕಡಿಮೆ. ಅದಕ್ಕೆ ಮೊಟ್ಟೆ ಇಡಲು ಬಯಲು ಮರಳು ನೆಲ ಬೇಕು, ಹತ್ತು ಹದಿನೈದು ಸೆಂಟಿಮೀಟರ್ ಆಳದಲ್ಲಿ ಒಂದಿಷ್ಟು ತೇವ ಸಾಕು; ನಮ್ಮಲ್ಲಿರುವುದು ಕಾಡು, ಜಂಬಿಟ್ಟಿಗೆ ನೆಲ, ತಿಂಗಳುಗಟ್ಟಲೆ ಮಳೆ. ಗಾಳಿಗೆ ಸಿಕ್ಕಿ ಹಾರುವ ಹಿಂಡಿಗೆ ಮುಂಗಾರಿನ ನೈರುತ್ಯ ಗಾಳಿ ಎದುರೂ ಹೌದು.

ಹಾಗೆಂದು ಚುಕ್ಕೆ ಮಿಡತೆಯನ್ನು ಕಡೆಗಣಿಸುವಂತಿಲ್ಲ, ಗುಂಪು ಬಿದ್ದ ಜಾಗದಲ್ಲಿ ಎಳೆ ಸಸಿಗಳ ಎಲೆ ಉಳಿಯುವುದಿಲ್ಲ. ಲೋಕಸ್ಟ್ ಎಂದು ಹೆದರಿ ತೋಟಕ್ಕೆಲ್ಲ ವಿಷ ಹೊಡೆಯುವುದು ಮಾತ್ರ ದಂಡ, ಅದರಿಂದ ಜೇನು, ಜೇಡ ಮೊದಲು ಸಾಯುತ್ತವೆ. ಬೆಳಗಿನ ಥಂಡಿಗೆ ಇವು ಕದಲದೆ ಕೂತಿರುತ್ತವೆ. ಆಗ ಕೈಗವಸು ಹಾಕಿಕೊಂಡು ಹಿಡಿದು ಸೋಪಿನ ನೀರಿನ ಬಕೆಟ್ಟಿಗೆ ಹಾಕಬಹುದು. ಮರಿಗಳು ಇನ್ನೂ ಒಂದೇ ಕಡೆ ಗುಂಪಾಗಿರುವಾಗಲೇ ಈ ಕೆಲಸವಾದರೆ ಒಳ್ಳೆಯದು. ಮೊಟ್ಟೆ ಇರುವುದು ಮಣ್ಣಿನೊಳಗೆ, ಆದ್ದರಿಂದ ಈ ವರ್ಷ ಗುಂಪು ಕಂಡ ಜಾಗವನ್ನು ಗುರುತಿಟ್ಟುಕೊಂಡು ಮುಂದಿನ ವರ್ಷ ಮೊದಲು ಅಲ್ಲೇ ಹುಡುಕಬೇಕು.